ಡ್ರೈವರ್ ಬಂದಾಗ ಲೈಸೆನ್ಸಿನ ಹಿಂಬದಿಯನ್ನೂ ನೋಡಿ

ಮನೆಗೆ ಅಡಿಗೆಯವಳನ್ನು ಗೊತ್ತು ಮಾಡುವಾಗ ನಾವು ಎಷ್ಟೊಂದು ವಿಚಾರಿಸುತ್ತೇವೆ ನೋಡಿ. ಮೊದಲು ಯಾರ ಮನೇಲಿದ್ಲು, ಯಾಕೆ ಬಿಟ್ಲು, ಕೈ ಸ್ವಚ್ಛವೋ ಇಲ್ಲವೋ, ಎಲ್ಲ ಕೇಳುತ್ತೇವೆ. ಆದರೆ ಹದಿನೈದು ಲಕ್ಷದ ಲಾರಿಯ ಬೀಗದ ಕೈಯನ್ನು ಒಬ್ಬನ ಕೈಗೆ ಕೊಡುವಾಗ "ಲೈಸೆನ್ಸ್ ಇದೆಯೇನಪ್ಪಾ?" "ಇದೆ ಅಕ್ಕಾರೆ" ಅಷ್ಟಕ್ಕೇ ಮುಗಿಸುತ್ತೇವೆ. ನಾವೂ ಹಾಗೇ ಮುಗಿಸಿದವರೇ. ಅದಕ್ಕೆ ತೆತ್ತ ದಂಡದ ಕಥೆಯನ್ನು ನಿಮಗೆ ಹೇಳಬೇಕು.

ಚನ್ನಗಿರಿಯಲ್ಲಿ ನಮ್ಮದೊಂದು ಪಂಪ್‌ಸೆಟ್ ಮತ್ತು ಪೈಪಿನ ಅಂಗಡಿ. ಹಿಂದುಗಡೆ ಮೋಟಾರ್ ರಿಪೇರಿ ಶೆಡ್ಡು. ಅಡಿಕೆ ತೋಟದವರೇ ನಮ್ಮ ಹೆಚ್ಚಿನ ಗಿರಾಕಿಗಳು. ಹೊನ್ನಾಳಿ, ನ್ಯಾಮತಿ ಕಡೆಗೂ ಸಾಮಾನು ಹೋಗುತ್ತೆ. ಜಗಳೂರಿನ ಕಡೆ ಬೋರ್‌ವೆಲ್ ಆಳ ಜಾಸ್ತಿ, ಮೋಟಾರ್ ಸುಡೋದೂ ಜಾಸ್ತಿ, ಅಲ್ಲಿಂದಲೂ ಕೆಲಸ ಬರುತ್ತೆ. ನಮ್ಮನೆಯವರು ಊರೂರು ತಿರುಗುವವರು. ಲೆಕ್ಕ, ಸಂಬಳ, ಕಾಗದಪತ್ರ ನನ್ನ ಪಾಲು. ಒಲೆ ಮೇಲೆ ಸಾರು ಕುದಿಯುತ್ತಿರುವಾಗಲೇ ಬಿಲ್ ಬರೆಯುವ ಅಭ್ಯಾಸ ನನಗಿದೆ.

ಬಹಳ ವರ್ಷ ನಮ್ಮಲ್ಲಿದ್ದದ್ದು ಒಂದೇ ಚಿಕ್ಕ ಪಿಕ್‌ಅಪ್ ಗಾಡಿ. ಅದನ್ನು ಓಡಿಸುತ್ತಿದ್ದವನು ಹೊನ್ನಾಳಿ ಕಡೆಯ ಒಬ್ಬ ಹುಡುಗ. ಒಂಬತ್ತು ವರ್ಷ ಒಂದು ಗೀರೂ ಬೀಳದಂತೆ ನೋಡಿಕೊಂಡ. ಕುಡಿಯುವವನಲ್ಲ, ಸುಳ್ಳು ಹೇಳುವವನಲ್ಲ. 2020ರಲ್ಲಿ ಪೈಪಿನ ವ್ಯಾಪಾರ ಹೆಚ್ಚಾಯಿತು ಅಂತ ಆರು ಚಕ್ರದ ಒಂದು ಲಾರಿ ಕೊಂಡೆವು. ಯಾರು ಓಡಿಸಬೇಕು ಅನ್ನೋ ಪ್ರಶ್ನೆಯೇ ಏಳಲಿಲ್ಲ. ಅವನೇ ಹತ್ತಿ ಕೂತ, ಚೆನ್ನಾಗಿಯೇ ಓಡಿಸಿದ.

ಮಾರನೇ ವರ್ಷ ನ್ಯಾಮತಿ ರಸ್ತೆಯಲ್ಲಿ ಒಂದು ಬೈಕಿನವರಿಗೆ ಲಾರಿ ತಗುಲಿ, ಆ ಮನುಷ್ಯನ ಕಾಲು ಮುರಿಯಿತು. ತಪ್ಪು ಪೂರ್ತಿ ನಮ್ಮ ಹುಡುಗನದೇ ಅಂತ ಹೇಳಲಾರೆ. ಹೇಗೂ ವಿಮೆ ಇದೆ, ಅವರಿಗೆ ಪರಿಹಾರ ಸಿಗುತ್ತೆ ಅಂತ ನಾವು ಸಮಾಧಾನ ಮಾಡಿಕೊಂಡೆವು. ವಿಮೆ ಕಂಪನಿಯಿಂದ ತನಿಖೆಗೆ ಬಂದವರು ಲಾರಿಯನ್ನು ನೋಡುವ ಮೊದಲು ಲೈಸೆನ್ಸ್ ಕೇಳಿದರು. ಕಾರ್ಡನ್ನು ತಿರುಗಿಸಿ ಹಿಂಬದಿ ನೋಡಿ, "ಇದರಲ್ಲಿ LMV ಮಾತ್ರ ಇದೆಯಲ್ಲಮ್ಮಾ" ಅಂದರು. ಅಷ್ಟು ವರ್ಷ ಆ ಕಾರ್ಡಿನ ಜೆರಾಕ್ಸ್ ನನ್ನ ಫೈಲಿನಲ್ಲೇ ಇತ್ತು. ಅದೂ ಮುಂಬದಿಯದು ಮಾತ್ರ!

LMV ಅಂದರೆ ಲಘು ಮೋಟಾರು ವಾಹನ. ಸರಕು ಗಾಡಿಯ ವಿಷಯದಲ್ಲಿ ಇದರ ಗೆರೆ 7,500 ಕಿಲೋ. ಇಲ್ಲಿ ನಮ್ಮನೆಯವರಿಗೆ ಒಂದು ಸಿಟ್ಟು ಬಂತು. "ನಮ್ಮ ಲಾರಿ ಖಾಲಿ ತೂಕ ನಾಲ್ಕು ಸಾವಿರ ಚಿಲ್ಲರೆ ಕಿಲೋ, ಅವತ್ತು ಅರ್ಧ ಲೋಡೂ ಇರಲಿಲ್ಲ, ಏಳೂವರೆ ಸಾವಿರ ಎಲ್ಲಿಂದ ದಾಟ್ತು?" ಅಂತ ವಾದ ಮಾಡಿದರು. ಈ ತಪ್ಪು ತಿಳಿವಳಿಕೆ ಬಹಳ ಜನಕ್ಕಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆರ್.ಸಿ. ಪುಸ್ತಕದಲ್ಲಿ ಎರಡು ತೂಕ ಬರೆದಿರುತ್ತಾರೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಗಾಡಿಯೂ ಅದು ಹೊರಬಹುದಾದ ಪೂರ್ತಿ ಸರಕೂ ಸೇರಿದ ಒಟ್ಟು ತೂಕ. ಸರಕು ಗಾಡಿಗೆ ಲೆಕ್ಕ ಹಿಡಿಯುವುದು ಈ ಎರಡನೆಯದನ್ನು. ಅವತ್ತು ಲೋಡ್ ಇತ್ತೋ ಇಲ್ಲವೋ ಅನ್ನೋದು ಬರುವುದೇ ಇಲ್ಲ. ನಮ್ಮ ಲಾರಿಯ ಒಟ್ಟು ತೂಕ ಹತ್ತು ಸಾವಿರ ಕಿಲೋ ದಾಟಿತ್ತು. ಪಿಕ್‌ಅಪ್‌ದು ಮೂರು ಸಾವಿರದ ಹತ್ತಿರ. ಅಂದರೆ ಒಂಬತ್ತು ವರ್ಷ ನ್ಯಾಯವಾಗಿ ಗಾಡಿ ಓಡಿಸಿದವನು, ಲಾರಿ ಹತ್ತಿದ ದಿನದಿಂದ ಲೈಸೆನ್ಸ್ ಇಲ್ಲದ ಡ್ರೈವರ್ ಆಗಿಬಿಟ್ಟಿದ್ದ. (ಟ್ರ್ಯಾಕ್ಟರ್ ಇರುವ ಮನೆಯವರು ಗಾಬರಿಯಾಗಬೇಡಿ. ಟ್ರ್ಯಾಕ್ಟರಿಗೆ ಮಾತ್ರ ಕಾನೂನು ಖಾಲಿ ತೂಕವನ್ನೇ ನೋಡುತ್ತೆ.)

ನ್ಯಾಯಮಂಡಳಿಯವರು ಗಾಯಗೊಂಡವರಿಗೆ ಮೊದಲು ವಿಮೆ ಕಂಪನಿ ಹಣ ಕೊಡಲಿ, ಆಮೇಲೆ ಅದನ್ನು ಗಾಡಿ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಅಂತ ತೀರ್ಪು ಕೊಟ್ಟರು. ಮೂರು ಲಕ್ಷ ಚಿಲ್ಲರೆ. ಲಾರಿ ರಿಪೇರಿಯ ಹಣವೂ ಬರಲಿಲ್ಲ. ನನ್ನ ಎರಡು ಎಳೆ ಸರ ಅದಕ್ಕೇ ಹೋಯಿತು. ಆ ಬೈಕಿನವರಿಗೆ ಹಣ ಸಿಕ್ಕಿತಲ್ಲ ಅಂತ ಈಗ ಸಮಾಧಾನ. ಅವತ್ತು ಅದೂ ಇರಲಿಲ್ಲ.

ನಮ್ಮ ವಕೀಲರು ಆಗ ಒಂದು ಮಾತು ಹೇಳಿದರು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಡ್ರೈವರ್ ನಕಲಿ ಲೈಸೆನ್ಸ್ ತಂದು ಮಾಲೀಕರಿಗೇ ಮೋಸ ಮಾಡಿದ್ದರೆ, ನ್ಯಾಯಾಲಯ ಮಾಲೀಕರ ಕೈಬಿಡುವುದಿಲ್ಲ. ಸುಪ್ರೀಂ ಕೋರ್ಟ್ 2003ರ ಲೆಹರು ಪ್ರಕರಣದಲ್ಲಿ, 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ, ಮತ್ತೆ 2023ರ ಗೀತಾದೇವಿ ಪ್ರಕರಣದಲ್ಲೂ ಇದನ್ನೇ ಹೇಳಿದೆ. ಮಾಲೀಕನು ಲೈಸೆನ್ಸ್ ನೋಡಿದ, ಅದು ಮೇಲ್ನೋಟಕ್ಕೆ ಸರಿಯಾಗೇ ಇತ್ತು, ಗಾಡಿ ಓಡಿಸಿ ತೋರಿಸು ಅಂದು ಪರೀಕ್ಷೆಯನ್ನೂ ಮಾಡಿದ, ಇಷ್ಟಾದರೆ ಅವನು ಜಾಗ್ರತೆ ವಹಿಸಿದ ಹಾಗೆ. ಪ್ರತಿಯೊಂದು ಕಾರ್ಡನ್ನೂ ಹಿಡಿದುಕೊಂಡು ಆರ್.ಟಿ.ಓ. ಕಚೇರಿಗೆ ಓಡಬೇಕಾಗಿಲ್ಲ. ಮಾಲೀಕನದೇ ಅಜಾಗ್ರತೆ ಅಂತ ವಿಮೆ ಕಂಪನಿ ಸಾಬೀತು ಮಾಡಬೇಕು. "ಆದರೆ ನಿಮ್ಮ ಹುಡುಗನ ಲೈಸೆನ್ಸ್ ನಕಲಿ ಅಲ್ಲವಲ್ಲ" ಅಂದರು ವಕೀಲರು. "ಅಸಲಿ ಕಾರ್ಡು. ಅದರ ಮೇಲೇ ಬರೆದಿದೆ. ನೀವು ಓದಲಿಲ್ಲ, ಅಷ್ಟೇ." ಅದಕ್ಕೆ ಏನಂತ ಉತ್ತರ ಕೊಡೋದು ಹೇಳಿ.

ಹಾಗಾಗಿ ನಕಲಿ ಲೈಸೆನ್ಸಿನ ಭಯಕ್ಕಿಂತ, ಅಸಲಿ ಲೈಸೆನ್ಸು ಬೇರೆ ಗಾಡಿಗೆ ಇರುವ ಭಯವೇ ನನಗೆ ಹೆಚ್ಚು. ನಮ್ಮಂಥ ಊರುಗಳಲ್ಲಿ ನಾನು ನೋಡಿದ್ದೂ ಅದನ್ನೇ.

ನಮ್ಮ ಆ ಹುಡುಗನನ್ನು ಕೆಲಸದಿಂದ ತೆಗೆಯಲಿಲ್ಲ. ತಪ್ಪು ಅವನೊಬ್ಬನದೇ ಆಗಿರಲಿಲ್ಲವಲ್ಲ. ಅವನು ಮತ್ತೆ ಪಿಕ್‌ಅಪ್‌ಗೆ ಹೋದ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ, ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ಗಾಡಿ ಓಡಿಸಲು LMV ಲೈಸೆನ್ಸೇ ಸಾಕು, ಬೇರೆ ಅನುಮತಿ ಬೇಡ ಅಂತ ಖಚಿತ ಮಾಡಿತು. ಹಾಗಾಗಿ ಪಿಕ್‌ಅಪ್ ವಿಷಯದಲ್ಲಿ ಈಗ ಯೋಚನೆಯಿಲ್ಲ. ಲಾರಿಗೆ ಮಾತ್ರ TRANS ಇರುವ ಡ್ರೈವರೇ ಬೇಕು. ಈ TRANS ಅನ್ನೋದು ಸಾರಿಗೆ ವಾಹನಕ್ಕೆ. 1994ರ ತಿದ್ದುಪಡಿಗೆ ಮೊದಲು ಮಧ್ಯಮ ಲಾರಿಗೆ ಬೇರೆ, ದೊಡ್ಡ ಲಾರಿಗೆ ಬೇರೆ ಅಂತ ಇತ್ತು. ಈಗ ಎಲ್ಲ ಸೇರಿ ಒಂದೇ.

2025ರ ಮಾರ್ಚ್‌ನಲ್ಲಿ ಲಾರಿಗೆ ಅಂತ ಜಗಳೂರು ಕಡೆಯ ಒಬ್ಬ ಡ್ರೈವರ್ ಬಂದ. ಮೂವತ್ತೆರಡರ ವಯಸ್ಸು, ಮಾತು ಮೃದು. "ಕಾರ್ಡ್ ಕೊಡಪ್ಪಾ" ಅಂದೆ. ಈ ಸಲ ಮೊದಲು ಹಿಂಬದಿಯನ್ನೇ ನೋಡಿದೆ. LMV ಇತ್ತು, TRANS ಕೂಡ ಇತ್ತು. ಮನಸ್ಸಿಗೆ ಸಂತೋಷವಾಯಿತು. ಆದರೂ ವಕೀಲರ ಮಾತು ನೆನಪಾಗಿ, "ಕೂತ್ಕೋ, ಕಾಫಿ ಕುಡಿ, ಒಂದು ನಿಮಿಷ ಮೊಬೈಲ್‌ನಲ್ಲಿ ನೋಡ್ತೀನಿ" ಅಂದೆ.

ನೋಡುವುದು ಹೀಗೆ. `parivahan.gov.in` ಅನ್ನುವ ಸರ್ಕಾರದ ಪುಟ ತೆಗೆದು, ಅದರಲ್ಲಿ `Know Your DL Details` ಅನ್ನುವ ಕಡೆ ಹೋಗಬೇಕು. ಲೈಸೆನ್ಸ್ ನಂಬರು ಮತ್ತು ಹುಟ್ಟಿದ ತಾರೀಖು ಹಾಕಬೇಕು. ಕೆಳಗೆ ಕಾಣುವ ಸೊಟ್ಟ ಅಕ್ಷರಗಳನ್ನು ನೋಡಿ ಬರೆಯಬೇಕು, ಅಷ್ಟೇ. ದುಡ್ಡು ಕೊಡಬೇಕಾಗಿಲ್ಲ. ಹುಟ್ಟಿದ ತಾರೀಖನ್ನು ಕಾರ್ಡಿನಿಂದ ನೋಡಿ ಹಾಕಬೇಡಿ, ಅವನ ಆಧಾರ್ ಕಾರ್ಡಿನಿಂದ ಹಾಕಿ. ಬೇರೆಯವರ ಅಸಲಿ ನಂಬರಿಗೆ ತನ್ನ ಫೋಟೋ ಅಂಟಿಸಿಕೊಂಡು ಬಂದವನಾದರೆ ಅಲ್ಲೇ ಸಿಕ್ಕಿಬೀಳುತ್ತಾನೆ. ತಾರೀಖು ಹೊಂದುವುದಿಲ್ಲ, ಹೊಂದಿದರೂ ಹೆಸರು ಬೇರೆ ಬರುತ್ತೆ.

ಅವನ ವಿವರ ಬಂತು. ಹೆಸರು ಸರಿ. ಸ್ಥಿತಿ `ACTIVE` ಅಂತ ಇತ್ತು. ಇಲ್ಲಿಗೇ ಬಹಳ ಜನ ಮೊಬೈಲ್ ಮುಚ್ಚಿಬಿಡುತ್ತಾರೆ. ನಾನು ಕೆಳಗೂ ನೋಡಿದೆ. ಅಲ್ಲಿ ಎರಡು ಅವಧಿ ಬೇರೆಬೇರೆಯಾಗಿ ಕೊಟ್ಟಿರುತ್ತಾರೆ, ಒಂದು `Non-Transport`, ಇನ್ನೊಂದು `Transport`. ಅವನ ಮೊದಲನೆಯದು 2033ರವರೆಗೆ ಇತ್ತು. ಎರಡನೆಯದು 2024ರ ನವೆಂಬರ್‌ಗೇ ಮುಗಿದಿತ್ತು. ನಾಲ್ಕು ತಿಂಗಳಾಗಿತ್ತು.

ಇದು ಹೇಗಾಯಿತು ಅಂದರೆ, ಅವನು 2013ರಲ್ಲಿ ಇಪ್ಪತ್ತನೇ ವಯಸ್ಸಿಗೆ LMV ಮಾಡಿಸಿದ್ದ. ಆಗ ಅದು ಇಪ್ಪತ್ತು ವರ್ಷಕ್ಕೆ ಸಿಗುತ್ತಿತ್ತು. 2016ರಲ್ಲಿ TRANS ಸೇರಿಸಿದ. ಅದಕ್ಕೆ ಆಗ ಮೂರೇ ವರ್ಷ. 2019ರ ನವೆಂಬರ್‌ನಲ್ಲಿ ಹೊಸದು ಮಾಡಿಸಿದಾಗ ಕಾನೂನು ಬದಲಾಗಿ ಐದು ವರ್ಷ ಸಿಕ್ಕಿತು. ಆ ಐದು ವರ್ಷ ಮುಗಿದದ್ದು ಅವನಿಗೆ ನೆನಪೇ ಇಲ್ಲ. ಕಾರ್ಡಿನಲ್ಲಿ 2033 ಅಂತ ಕಂಡಿದ್ದನ್ನೇ ನೋಡಿಕೊಂಡು ನಿಶ್ಚಿಂತೆಯಾಗಿದ್ದ. "ಹಳೇ ಮಾಲೀಕ್ರು ಕೇಳ್ಲೇ ಇಲ್ಲ ಅಕ್ಕಾರೆ" ಅಂದ. ನಾಲ್ಕು ತಿಂಗಳು ಹಾಗೇ ಲಾರಿ ಓಡಿಸಿದ್ದನಂತೆ! ಮೊದಲು ಅವಧಿ ಮುಗಿದ ಮೇಲೂ ಮೂವತ್ತು ದಿನ ನಡೆಯುತ್ತಿತ್ತು. 2019ರ ತಿದ್ದುಪಡಿಯಲ್ಲಿ ಆ ರಿಯಾಯಿತಿ ತೆಗೆದರು. ಈಗ ಮುಗಿದ ಮಾರನೇ ದಿನವೇ ಅದು ನಡೆಯುವುದಿಲ್ಲ.

ನಮ್ಮನೆಯವರು, "ಒಳ್ಳೆ ಡ್ರೈವರ್ ಕಣೇ, ಓಡಿಸ್ತಾ ಇರಲಿ, ಹಿಂದಿಂದ ಮಾಡಿಸಿದ್ರಾಯ್ತು" ಅಂದರು. ನಾನು ಬಿಲ್‌ಕುಲ್ ಒಪ್ಪಲಿಲ್ಲ. ಒಂದು ವರ್ಷದ ಒಳಗಾದರೆ ಮತ್ತೆ ಪರೀಕ್ಷೆ ಇಲ್ಲದೆ ನವೀಕರಣ ಆಗುತ್ತೆ, ಒಂದು ವರ್ಷ ದಾಟಿದರೆ ಮತ್ತೆ ಗಾಡಿ ಓಡಿಸಿ ತೋರಿಸಬೇಕು. ಅವನಿಗೆ ಇನ್ನೂ ಸಮಯವಿತ್ತು. ವೈದ್ಯರ ಸರ್ಟಿಫಿಕೇಟ್ ಮಾಡಿಸಿ ಅರ್ಜಿ ಹಾಕಿಬಾ ಅಂತ ಕಳಿಸಿದೆ. ಅಲ್ಲಿಯವರೆಗೆ ಪಿಕ್‌ಅಪ್ ಓಡಿಸಲಿ, ಅದಕ್ಕೆ ಅವನ LMV ಸಾಕಲ್ಲ. ಹೊಸ ಅವಧಿ ಆ ಪುಟದಲ್ಲಿ ಕಂಡ ದಿನವೇ ಲಾರಿ ಬೀಗದ ಕೈ ಕೊಟ್ಟದ್ದು. ಅದಕ್ಕೂ ಮೊದಲು ನಮ್ಮನೆಯವರು ಪಕ್ಕ ಕೂತು, ಪೈಪ್ ತುಂಬಿದ ಲಾರಿಯನ್ನು ಸಂತೇಬೆನ್ನೂರು ರಸ್ತೆಯಲ್ಲಿ ಓಡಿಸಿ, ಗೋದಾಮಿಗೆ ರಿವರ್ಸ್ ಹಾಕಿಸಿ ನೋಡಿದರು. ಖಾಲಿ ಲಾರಿ ಓಡಿಸಿ ತೋರಿಸುವುದು ಯಾರಿಗೂ ಬರುತ್ತೆ. ಪೈಪ್ ಹಿಂದೆ ಚಾಚಿಕೊಂಡಿರುವಾಗ ತಿರುಗಿಸುವುದೇ ಪರೀಕ್ಷೆ. ಆ ದಿನ, ಆ ತಾರೀಖು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಅವನ ಸಹಿ ಹಾಕಿಸಿಕೊಂಡಿದ್ದೇನೆ. ಪುಟದ ಪ್ರಿಂಟೂ ಅದರ ಜೊತೆಗಿದೆ.

ನಂಬರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಗೊಂದಲ ಬರುತ್ತೆ. ಲೈಸೆನ್ಸ್ ನಂಬರು `KA17 2012XXXXXXX` ಈ ರೀತಿ ಇರುತ್ತೆ. ಮೊದಲು ರಾಜ್ಯ, ಆಮೇಲೆ ಕೊಟ್ಟ ಕಚೇರಿ, ಆಮೇಲೆ ಕೊಟ್ಟ ವರ್ಷ, ಕೊನೆಗೆ ಏಳು ಅಂಕಿ. 17 ಅಂದರೆ ದಾವಣಗೆರೆ. ಹಾಗಾದರೆ ಹೊನ್ನಾಳಿಯ ಹಿರಿಯ ಡ್ರೈವರ್ ಒಬ್ಬ 14 ಅಂತ ಇರುವ ಕಾರ್ಡು ತಂದರೆ ನಕಲಿಯೇ? ಅಲ್ಲ. ದಾವಣಗೆರೆ ಜಿಲ್ಲೆ ಆದದ್ದೇ 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ನ್ಯಾಮತಿ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ಶಿವಮೊಗ್ಗದ ಅಂಕಿ 14. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಅಲ್ಲಿಯದು 16. ಹಾಗಾಗಿ ಅಂಕಿ ನೋಡಿ ಅನುಮಾನ ಪಡುವ ಮೊದಲು ವರ್ಷ ನೋಡಿ. ವರ್ಷಕ್ಕೂ ವಯಸ್ಸಿಗೂ ತಾಳೆ ಹಾಕಿ. 1999ರಲ್ಲಿ ಹುಟ್ಟಿದವನ ಕಾರ್ಡಿನಲ್ಲಿ 2012 ಅಂತ ಇದ್ದರೆ ಆಗ ಕೇಳಬೇಕು, ಹದಿಮೂರು ವರ್ಷಕ್ಕೆ ಯಾರು ಕೊಟ್ಟರಪ್ಪಾ ನಿನಗೆ ಅಂತ. ಸಾರಿಗೆ ವಾಹನಕ್ಕಂತೂ ಇಪ್ಪತ್ತು ವರ್ಷ ತುಂಬಿರಬೇಕು, LMV ಕೈಗೆ ಬಂದು ಒಂದು ವರ್ಷವಾದರೂ ಆಗಿರಬೇಕು.

ಕೆಲವು ಸಲ ಪುಟದಲ್ಲಿ ಏನೂ ಬರುವುದೇ ಇಲ್ಲ. ಹಳೇ ಪುಸ್ತಕದ ರೂಪದ ಲೈಸೆನ್ಸ್ ಇರುವವರದು ಕಂಪ್ಯೂಟರಿಗೆ ಏರದೇ ಇರಬಹುದು. ಅವರನ್ನು ಕಳ್ಳರ ಹಾಗೆ ನೋಡಬೇಡಿ. ಕೊಟ್ಟ ಕಚೇರಿಗೇ ಹೋಗಿ ಕಂಪ್ಯೂಟರಿಗೆ ಹಾಕಿಸಿಕೊಂಡು ಬರಲಿ. ಅಲ್ಲಿಯವರೆಗೆ ಸ್ಟೇರಿಂಗ್ ಮಾತ್ರ ಕೊಡಬೇಡಿ.

ಇನ್ನೊಂದು ಕೆಟ್ಟ ಅಭ್ಯಾಸ ನಮ್ಮ ಕಡೆ ಇದೆ. ಡ್ರೈವರ್ ಬಿಟ್ಟು ಹೋಗದಿರಲಿ ಅಂತ ಅವನ ಅಸಲಿ ಲೈಸೆನ್ಸನ್ನು ಬೀರುವಿನಲ್ಲಿ ಇಟ್ಟುಕೊಳ್ಳೋದು. ದಾರಿಯಲ್ಲಿ ಪೊಲೀಸರು ಕೇಳಿದರೆ ಅವನು ಏನು ತೋರಿಸಬೇಕು? ಕಾರ್ಡು ಅವನ ಜೇಬಿನಲ್ಲೇ ಇರಬೇಕು, ಇಲ್ಲವೇ ಅವನ ಮೊಬೈಲಿನ ಡಿಜಿಲಾಕರ್‌ನಲ್ಲಿ. ನಮ್ಮ ಹತ್ತಿರ ಎರಡೂ ಬದಿಯ ಜೆರಾಕ್ಸ್ ಸಾಕು.

ಡ್ರೈವರ್ ಕಥೆ ಇಷ್ಟಾಯಿತು. ಮೋಟಾರ್ ಕೆಲಸದವರದೂ ಹೆಚ್ಚುಕಡಿಮೆ ಇದೇ ರೀತಿ, ಕಾಗದ ಅಸಲಿ, ಕೆಲಸ ಬೇರೆ. ಕಳೆದ ವರ್ಷ ಎಲೆಕ್ಟ್ರಿಷಿಯನ್ ಬೇಕು ಅಂತ ಹೇಳಿದ್ದಕ್ಕೆ ಹೊನ್ನಾಳಿಯಿಂದ ಒಬ್ಬ ಹುಡುಗ ಐ.ಟಿ.ಐ. ಸರ್ಟಿಫಿಕೇಟ್ ಹಿಡಿದು ಬಂದ. ಒಳ್ಳೇ ಅಂಕ, ಮೊಹರು, ಎಲ್ಲ ಸರಿ. ಟ್ರೇಡ್ ಅನ್ನುವ ಕಡೆ ಓದಿದರೆ "ಫಿಟ್ಟರ್" ಅಂತ! ಫಿಟ್ಟರ್ ಕಲಿಯುವುದು ಕಬ್ಬಿಣದ ಕೆಲಸ, ಅಳತೆಯ ಕೆಲಸ. ಅವನಿಗೆ ಒಂದು ಸಬ್‌ಮರ್ಸಿಬಲ್ ಮೋಟಾರ್ ಕೊಟ್ಟು, "ಇದನ್ನ ಬೋರಿಗೆ ಇಳಿಸಬಹುದಾ ನೋಡಪ್ಪಾ" ಅಂದರು ನಮ್ಮನೆಯವರು. ಅವನು ವೈರ್‌ಗೆ ಕರೆಂಟ್ ಕೊಟ್ಟು ನೋಡ್ತೀನಿ ಅಂದ. ಬಲ್ಲವನಾಗಿದ್ದರೆ ಮೊದಲು ಮೆಗ್ಗರ್ ಹಿಡಿದು, ಒಳಗಿನ ವೈಂಡಿಂಗಿಗೂ ಹೊರಗಿನ ಮೈಗೂ ನಡುವೆ ಸೋರಿಕೆ ಇದೆಯಾ ಅಂತ ನೋಡುತ್ತಿದ್ದ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಅದನ್ನು ಬೋರಿಗೆ ಇಳಿಸಬಾರದು. ಇಳಿಸಿದರೆ ಸುಡುತ್ತೆ, ಅದಕ್ಕಿಂತ ಹೆಚ್ಚಾಗಿ ತೋಟದಲ್ಲಿ ಪೈಪ್ ಮುಟ್ಟಿದವರಿಗೆ ಹೊಡೆಯುತ್ತೆ.

ಅದೇ ವಾರ ನ್ಯಾಮತಿಯ ಇನ್ನೊಬ್ಬ ಬಂದ. ಸರ್ಟಿಫಿಕೇಟ್ ಒಂದೂ ಇಲ್ಲ, ಎಸ್ಸೆಸ್ಸೆಲ್ಸಿಯೂ ಮುಗಿಸಿಲ್ಲ. ಹನ್ನೆರಡು ವರ್ಷ ವೈಂಡಿಂಗ್ ಅಂಗಡಿಯಲ್ಲಿ ಕೂತವನು. ಕೇಳುವ ಮೊದಲೇ ಮೆಗ್ಗರ್ ಎಲ್ಲಿದೆ ಅಂದ. ಈಗ ಏನು ಮಾಡಬೇಕು? ಸರ್ಟಿಫಿಕೇಟ್ ಇಲ್ಲ ಅಂತ ಕಳಿಸಿಬಿಡುವುದು ನನಗೆ ಸರಿ ಕಾಣಲಿಲ್ಲ. ಶೆಡ್ಡಿನೊಳಗೆ ಕೂತು ಮೋಟಾರ್ ಸುತ್ತುವುದಕ್ಕೆ ಪರ್ಮಿಟ್ ಕೇಳುವುದಿಲ್ಲ. ಆದರೆ ತೋಟಕ್ಕೆ ಹೋಗಿ ಕಂಬದ ಕಡೆಯಿಂದ ಸ್ಟಾರ್ಟರ್ ಡಬ್ಬಿಗೆ ವೈರಿಂಗ್ ಮಾಡುವುದು ಬೇರೆ ಮಾತು. ಅದಕ್ಕೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರ್ಮಿಟ್ ಇರಬೇಕು, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೆಳಗೆ ಆ ಕೆಲಸ ಆಗಬೇಕು. ಹೊಸ ಸಂಪರ್ಕಕ್ಕೆ ಬೆಸ್ಕಾಂಗೆ ಕೊಡುವ ವರದಿಗೆ ಸಹಿ ಹಾಕುವುದೂ ಆ ಕಂಟ್ರಾಕ್ಟರೇ, ಪರ್ಮಿಟ್ ಇರುವ ವೈರ್‌ಮನ್ ಅಲ್ಲ. ಇದನ್ನು ಎಷ್ಟೋ ಜನ ಒಂದೇ ಅಂದುಕೊಂಡಿದ್ದಾರೆ.

ಪರ್ಮಿಟ್ಟಿನಲ್ಲೂ ನಂಬರು, ಫೋಟೋ, ನವೀಕರಣದ ಅವಧಿ ನೋಡಬೇಕು. ಐ.ಟಿ.ಐ. ಸರ್ಟಿಫಿಕೇಟ್ ಆದರೆ ಟ್ರೇಡ್ ಯಾವುದು, ಯಾವ ವರ್ಷ, ಯಾವ ಸಂಸ್ಥೆ ಅಂತ ನೋಡಿ. ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ್ದು. ಆರು ತಿಂಗಳಿನದು ಅಂತ ಬರೆದಿದ್ದರೆ ಅದು ಬೇರೆ ಯಾವುದೋ ತರಬೇತಿ. ಅನುಮಾನ ಬಂದರೆ ಆ ಸಂಸ್ಥೆಯ ಪ್ರಾಂಶುಪಾಲರಿಗೆ ಜೆರಾಕ್ಸ್ ಜೊತೆ ಒಂದು ಕಾಗದ ಬರೆಯಿರಿ, ರೋಲ್ ನಂಬರ್ ಮರೆಯದೆ ಹಾಕಿ. ನಾನು ಒಂದು ಸಲ ಹಾಗೆ ಬರೆದಿದ್ದೆ, ಹತ್ತು ದಿನಕ್ಕೆ ಉತ್ತರ ಬಂತು.

ಕೊನೆಗೆ ನ್ಯಾಮತಿಯವನನ್ನು ಶೆಡ್ಡಿಗೆ ತೆಗೆದುಕೊಂಡೆವು. ತೋಟದ ವೈರಿಂಗಿಗೆ ಪರ್ಮಿಟ್ ಇರುವ ಜಗಳೂರಿನ ಒಬ್ಬರನ್ನು ಗೊತ್ತು ಮಾಡಿಕೊಂಡಿದ್ದೇವೆ, ದಿನಕ್ಕಿಷ್ಟು ಅಂತ. ಫಿಟ್ಟರ್ ಹುಡುಗನನ್ನೂ ಬರಿಗೈಲಿ ಕಳಿಸಲಿಲ್ಲ. ಪಂಪಿನ ಬೇರಿಂಗ್, ಇಂಪೆಲ್ಲರ್ ಬಿಚ್ಚಿ ಜೋಡಿಸುವ ಕೆಲಸ ಕೊಟ್ಟೆವು. ಅದು ಅವನ ಓದಿಗೆ ಸರಿಯಾದ ಕೆಲಸ, ಬಹಳ ಅಚ್ಚುಕಟ್ಟಾಗಿ ಮಾಡ್ತಾನೆ.

ನಮ್ಮ ಹಳೇ ಹೊನ್ನಾಳಿ ಹುಡುಗ ಈಗ ತಾನೂ TRANS ಮಾಡಿಸುತ್ತೇನೆ ಅಂತ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಾನೆ. ಸಾರಿಗೆ ವಾಹನಕ್ಕೆ ಸ್ಕೂಲಿನವರ ಸರ್ಟಿಫಿಕೇಟ್ ಬೇಕೇ ಬೇಕು. ಎಲ್.ಎಲ್. ಆಗಿ ಮೂವತ್ತು ದಿನ ಕಾಯಬೇಕು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅವನ ಪರೀಕ್ಷೆಯ ತಾರೀಖನ್ನೂ ಗುರುತು ಹಾಕಿಟ್ಟಿದ್ದೇನೆ.